ಉಸಿರು ಊದಿ ಕೊಬ್ಬು ನೋಡುವ ಯಂತ್ರ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಕಳೆದ ವರ್ಷ ಇದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅಂಗೈಯಗಲದ ಡಬ್ಬಿ, ಬಾಯಿಗಿಡುವ ಕೊಳವೆ, ಮೂಗಿಗೆ ಒಂದು ಕ್ಲಿಪ್. ಎರಡು ನಿಮಿಷ ಆರಾಮಾಗಿ ಉಸಿರಾಡಿದರೆ ಪರದೆಯ ಮೇಲೆ RQ 0.80 ಅಂತ ಒಂದು ಸಂಖ್ಯೆ ಬರುತ್ತದೆ. ಹೊರಹಾಕಿದ ಕಾರ್ಬನ್ ಡೈ ಆಕ್ಸೈಡನ್ನು ಬಳಸಿದ ಆಕ್ಸಿಜನ್‌ನಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಕಂಪನಿ ಹೆಸರು ಬರೆಯಲ್ಲ. ಈ ಜಾತಿಯ ಯಂತ್ರಗಳಿಗೆಲ್ಲ ಹೊಂದುವ ಮಾತೇ ಇಲ್ಲಿ ಜಾಸ್ತಿ ಇದೆ.

ನಮ್ಮದು ಚಿಕ್ಕಬಳ್ಳಾಪುರ. ಭಾನುವಾರ ನಂದಿಬೆಟ್ಟಕ್ಕೆ ಸೈಕಲ್ ತುಳಿಯುತ್ತೇನೆ, ಹೊಟ್ಟೆ ಮಾತ್ರ ಇದ್ದಲ್ಲೇ ಇದೆ. ದೇಹ ಕೊಬ್ಬು ಉರಿಸುತ್ತಿದೆಯಾ ಇಲ್ವಾ ನೋಡೋಣ ಅಂತ ಕೊಂಡಿದ್ದು. "ಏನ್ ತಿಂದೆ ಅಂತ ನಾನೇ ಹೇಳ್ತೀನಲ್ಲೋ, ಅದಕ್ಯಾಕೆ ಇಷ್ಟು ದುಡ್ಡು?" ಅಂದರು ಅಮ್ಮ.

ಅಮ್ಮನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನದು 0.79, 0.80. ರಾಗಿಮುದ್ದೆ, ಬಸ್ಸಾರು ಉಂಡು ಎರಡು ಗಂಟೆ ಬಿಟ್ಟು ಊದಿದರೆ 0.92. ಮೊದಲ ವಾರ ಇದನ್ನು ನೋಡೋದೇ ಒಂದು ಆಟವಾಗಿತ್ತು.

ಈ ಸಂಖ್ಯೆ ಬದಲಾಗುವ ಕಾರಣ ಸರಳ. ಮುದ್ದೆಯ ಪಿಷ್ಟ ಕೊನೆಗೆ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಅಣುವಿನೊಳಗೆ ಮೊದಲೇ ಸಾಕಷ್ಟು ಆಕ್ಸಿಜನ್ ಇದೆ. ಅದರ ಹೈಡ್ರೋಜನ್ ಅಷ್ಟನ್ನೂ ನೀರು ಮಾಡೋದಕ್ಕೆ ಅದು ಸರಿಹೋಗುತ್ತದೆ. ಹಾಗಾಗಿ ಗಾಳಿಯಿಂದ ಎಳೆದುಕೊಂಡ ಆಕ್ಸಿಜನ್ನೆಲ್ಲ ಕಾರ್ಬನ್ ಪಾಲಿಗೆ ಹೋಗುತ್ತದೆ. ಆರು ಒಳಗೆ, ಆರು ಹೊರಗೆ:

C₆H₁₂O₆ + 6O₂ → 6CO₂ + 6H₂O

ಭಾಗಿಸಿದರೆ 1.0. ಕೊಬ್ಬಿನ ಕಥೆ ಬೇರೆ. ಪಾಮಿಟಿಕ್ ಆಮ್ಲವನ್ನೇ ತಗೊಳ್ಳಿ. ಹದಿನಾರು ಕಾರ್ಬನ್, ಮೂವತ್ತೆರಡು ಹೈಡ್ರೋಜನ್, ಆಕ್ಸಿಜನ್ ಮಾತ್ರ ಎರಡೇ. ಹೈಡ್ರೋಜನ್ ನೀರಾಗಬೇಕಾದರೂ ಹೊರಗಿನ ಗಾಳಿಯೇ ಬೇಕು.

C₁₆H₃₂O₂ + 23O₂ → 16CO₂ + 16H₂O

16ನ್ನು 23ರಿಂದ ಭಾಗಿಸಿದರೆ 0.70. ಹಾಗಾಗಿ ಸುಮ್ನೆ ಕೂತಾಗ ಸಂಖ್ಯೆ ಈ ಎರಡರ ನಡುವೆ ಎಲ್ಲೋ ಇರುತ್ತದೆ. 0.80 ಅಂದರೆ ಶಕ್ತಿಯಲ್ಲಿ ಮೂರನೇ ಎರಡು ಪಾಲು ಕೊಬ್ಬಿನಿಂದ, ಒಂದು ಪಾಲು ಪಿಷ್ಟದಿಂದ. ಪ್ರೋಟೀನ್ ಸ್ವಲ್ಪ ಇರುತ್ತದೆ, ಯಂತ್ರ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ.

ನಾನು ಮೊದಲು ಎಡವಿದ್ದು ಇಲ್ಲೇ. ಸಂಖ್ಯೆ ಇಳಿದಷ್ಟೂ ಒಳ್ಳೇದು ಅಂದುಕೊಂಡೆ. ಜೊತೆಗೆ ಬರುವ ಆ್ಯಪ್ ಕೂಡ 0.75ಕ್ಕಿಂತ ಕೆಳಗೆ ಬಂದರೆ ಹಸಿರು ಜ್ವಾಲೆ ತೋರಿಸಿ ಶಭಾಷ್ ಅನ್ನುತ್ತದೆ. ಆ ಜ್ವಾಲೆಗೋಸ್ಕರ ಮೂರು ವಾರ ರಾತ್ರಿ ಮುದ್ದೆ ಬಿಟ್ಟೆ. ಮೊಟ್ಟೆ, ಕಡಲೆಕಾಯಿ, ಮೇಲೆ ಧಾರಾಳವಾಗಿ ತುಪ್ಪ. ಬೆಳಗಿನ ಸಂಖ್ಯೆ 0.74ಕ್ಕೆ ಇಳಿಯಿತು. ತೂಕ ಅರ್ಧ ಕಿಲೋ ಏರಿತು! ಉರಿದದ್ದು ಕೊಬ್ಬೇ, ಸುಳ್ಳಲ್ಲ. ಆದರೆ ಅದು ಹಿಂದಿನ ರಾತ್ರಿ ತಟ್ಟೆಗೆ ಸುರಿದುಕೊಂಡ ಕೊಬ್ಬು. ಯಾವ ಸೌದೆ ಉರಿಯುತ್ತಿದೆ ಅಂತ ಯಂತ್ರ ಹೇಳುತ್ತದೆ, ಅದು ಸೊಂಟದಿಂದ ಬಂತೋ ತುಪ್ಪದ ಡಬ್ಬಿಯಿಂದ ಬಂತೋ ಅಂತ ಹೇಳಲ್ಲ.

ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತುಳಿದಾಗ ಇನ್ನೊಂದು ವಿಷಯ ತಿಳಿಯಿತು. ಕೂತಾಗ ನಿಮಿಷಕ್ಕೆ ಕಾಲು ಲೀಟರ್ ಆಕ್ಸಿಜನ್, 0.80. ಹದವಾಗಿ ತುಳಿಯುವಾಗ ಒಂದೂವರೆ ಲೀಟರ್, 0.88. ಅನುಪಾತ ನೋಡಿದರೆ ತುಳಿದಾಗ ಕೊಬ್ಬಿನ ಪಾಲು ಕಮ್ಮಿ, ಶೇಕಡ 67ರಿಂದ 39ಕ್ಕೆ ಬಿತ್ತು. ಆದರೆ ಒಟ್ಟು ಶಕ್ತಿ ನಿಮಿಷಕ್ಕೆ 1.2 ಕಿಲೋಕ್ಯಾಲರಿಯಿಂದ ಸುಮಾರು 7.3ಕ್ಕೆ ಏರಿದೆ. ಗ್ರಾಂ ಲೆಕ್ಕ ಹಾಕಿದರೆ ಕೂತಾಗ ನಿಮಿಷಕ್ಕೆ 0.09 ಗ್ರಾಂ ಕೊಬ್ಬು, ತುಳಿದಾಗ 0.32. ಮೂರೂವರೆ ಪಟ್ಟು! ಆ್ಯಪ್ ಮಾತ್ರ ತುಳಿದ ದಿನ ಜ್ವಾಲೆ ತೋರಿಸಲಿಲ್ಲ.

ಊದುವ ರೀತಿ ಸರಿಯಿಲ್ಲದಿದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಭಾವಮೈದ ಬಂದಿದ್ದಾಗ ಕೊಟ್ಟೆ. ಬಲೂನು ಊದಿದ ಹಾಗೆ ಜೋರಾಗಿ ಊದಿದ. ಬೆಳಗಿನಿಂದ ಕಾಫಿ ಬಿಟ್ಟು ಏನೂ ಇಲ್ಲ, ಆದರೂ 1.08! ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ದಾಸ್ತಾನು ದೊಡ್ಡದು. ಜೋರಾಗಿ ಉಸಿರಾಡಿದರೆ ಆ ದಾಸ್ತಾನೇ ಹೊರಗೆ ಬರುತ್ತದೆ. ಆಕ್ಸಿಜನ್‌ಗೆ ಅಂಥ ದೊಡ್ಡ ಗೋದಾಮಿಲ್ಲ, ಅದರ ಬಳಕೆ ಹೆಚ್ಚೇನೂ ಬದಲಾಗಲ್ಲ. ಐದು ನಿಮಿಷ ಬಿಟ್ಟು ಮತ್ತೆ ಊದಿದಾಗ 0.66. ಖಾಲಿಯಾದ ದಾಸ್ತಾನು ತುಂಬಿಕೊಳ್ಳುತ್ತಿತ್ತು. ಮನೆ ಊಟ ಮಾಡುವವರು ಯಾರೇ ಆಗಲಿ, ಸುಮ್ನೆ ಕೂತಾಗ 0.70ಕ್ಕಿಂತ ಕೆಳಗೋ ಹಸಿದ ಹೊಟ್ಟೆಯಲ್ಲಿ 1.0ಕ್ಕಿಂತ ಮೇಲೋ ಬಂದರೆ ನಾನು ಆ ಅಳತೆಯನ್ನು ಹೊಡೆದುಹಾಕುತ್ತೇನೆ. ಹತ್ತು ನಿಮಿಷ ಕೂತು, ಗಡಿಯಾರ ನೋಡದೆ, ಉಸಿರು ತನ್ನ ಪಾಡಿಗೆ ಬರುವಂತೆ ಬಿಟ್ಟು ಆಮೇಲೆ ಊದುತ್ತೇನೆ. ಬೆಟ್ಟದ ಏರಿನಲ್ಲಿ ಉಸಿರು ಕಟ್ಟುವಷ್ಟು ತುಳಿದಾಗಲೂ ಇದೇ ಕಥೆ. ಸ್ನಾಯುಗಳಿಂದ ಬಂದ ಆಮ್ಲವನ್ನು ರಕ್ತದ ಬೈಕಾರ್ಬನೇಟ್ ತಣಿಸುವಾಗ ಹೆಚ್ಚಿನ ಕಾರ್ಬನ್ ಡೈ ಆಕ್ಸೈಡ್ ಹೊರಬರುತ್ತದೆ, ಸಂಖ್ಯೆ ಒಂದು ದಾಟುತ್ತದೆ.

ಈಗ ದೂರಿನ ವಿಷಯ. ಒಮ್ಮೆ ಯಂತ್ರವನ್ನು ನಂದಿಬೆಟ್ಟದ ಮೇಲಕ್ಕೇ ಒಯ್ದೆ. ಊರಿಗಿಂತ ಐನೂರು ಮೀಟರ್‌ಗೂ ಹೆಚ್ಚು ಎತ್ತರ, ಬೆಟ್ಟದ ತುದಿ 1,478 ಮೀಟರ್. ಅಲ್ಲಿ ತೆರೆದ ಗಾಳಿಯಲ್ಲಿ ಆನ್ ಮಾಡಿದರೆ O2 19.5 ಅಂತ ಬಂತು. ಗಾಳಿಯಲ್ಲಿ ಆಕ್ಸಿಜನ್ ಪಾಲು ಬೆಟ್ಟದ ಮೇಲೂ ಶೇಕಡ 20.9ರಷ್ಟೇ. ಆದರೆ ಈ ಸೆನ್ಸರ್ ನೋಡೋದು ಒತ್ತಡವನ್ನು, ಅದು ಮೇಲೆ ಕಮ್ಮಿ. ಅಲ್ಲೇ ಮತ್ತೆ ಕ್ಯಾಲಿಬ್ರೇಟ್ ಮಾಡಿದ ಮೇಲೆ ಸರಿಹೋಯಿತು. ಬಳಕೆದಾರರ ಪುಸ್ತಕದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ಹತ್ತನೇ ತಿಂಗಳಲ್ಲಿ ಮನೆಯಲ್ಲೇ ಬೆಳಗಿನ ಸಂಖ್ಯೆ 0.72 ಆಯಿತು. ಊಟ ಮಾಮೂಲು, ರಾತ್ರಿ ಮುದ್ದೆಯೂ ಇತ್ತು. ಅನುಮಾನ ಬಂದು ತಾರಸಿಗೆ ಹೋಗಿ ನೋಡಿದರೆ O2 20.5. ಆಕ್ಸಿಜನ್ ಸೆನ್ಸರ್ ಒಳಗೆ ಬ್ಯಾಟರಿ ಥರದ ಒಂದು ಕೋಶ ಇರುತ್ತದೆ, ಬಳಸಲಿ ಬಿಡಲಿ ಅದು ಸವೆಯುತ್ತದೆ. ಅಷ್ಟು ಸಣ್ಣ ತಪ್ಪು ಏನು ಮಾಡುತ್ತದೆ ನೋಡಿ. ಒಳಗೆಳೆದ ಗಾಳಿಯಲ್ಲಿ ಆಕ್ಸಿಜನ್ ಶೇಕಡ 20.9 ಅಂತಲೇ ಯಂತ್ರ ಹಿಡಿಯುತ್ತದೆ. ಹೊರಬಿಟ್ಟ ಉಸಿರಿನಲ್ಲಿ ನಿಜಕ್ಕೂ ಆಕ್ಸಿಜನ್ 17.0, ಕಾರ್ಬನ್ ಡೈ ಆಕ್ಸೈಡ್ 3.3 ಇದ್ದರೆ, ಹೊರಬಿಟ್ಟ ಗಾಳಿ ಒಳಗೆಳೆದದ್ದಕ್ಕಿಂತ ತುಸು ಕಮ್ಮಿ ಅನ್ನೋದನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅನುಪಾತ 0.79. ಸವೆದ ಸೆನ್ಸರ್ ಆ 17.0ನ್ನು 16.65 ಅಂತ ಓದುತ್ತದೆ. ಆಕ್ಸಿಜನ್ ಹೆಚ್ಚು ಬಳಕೆಯಾದಂತೆ ಕಾಣುತ್ತದೆ, ಅನುಪಾತ 0.72ಕ್ಕೆ ಬೀಳುತ್ತದೆ. ಅಂದರೆ ನನ್ನ ಆ ತಿಂಗಳ ಹಸಿರು ಜ್ವಾಲೆಗಳೆಲ್ಲ ಸೆನ್ಸರ್ ಸಾಯುತ್ತಿದ್ದುದರ ಫಲ.

ಎರಡು ವಾರ ದಿನಾ ಕ್ಯಾಲಿಬ್ರೇಟ್ ಮಾಡಿ ತಳ್ಳಿದೆ. ಆಮೇಲೆ ಅದೂ ಆಗಲಿಲ್ಲ, ಪರದೆಯಲ್ಲಿ CAL FAIL. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. "ಸಾರ್, ಕೊಳವೆ ತೊಳೆದ್ರಾ?" ಅನ್ನೋದೇ ಪ್ರಶ್ನೆ. ಸೆನ್ಸರ್‌ಗೆ ವಾರಂಟಿ ಆರೇ ತಿಂಗಳು ಅಂತ ಆಮೇಲೆ ಗೊತ್ತಾಯಿತು. ಹೊಸದಕ್ಕೆ ಯಂತ್ರದ ಬೆಲೆಯ ಕಾಲು ಭಾಗ ಕೊಟ್ಟೆ.

ಐದಕ್ಕೆ ಮೂರು ಸ್ಟಾರ್. ಒಂದನ್ನು ಸೆನ್ಸರ್‌ಗೆ ಕಳೆದೆ, ಇನ್ನೊಂದನ್ನು ಆ ಜ್ವಾಲೆಗೆ. ತೂಕ ಇಳಿಸಲೆಂದೇ ಕೊಳ್ಳುವುದಾದರೆ ಬೇಡ, ತಕ್ಕಡಿ ಸಾಕು. ತುಳಿತದ ಯಾವ ವೇಗದಲ್ಲಿ ಯಾವ ಸೌದೆ ಉರಿಯುತ್ತದೆ ಅಂತ ನೋಡುವ ಹುಚ್ಚಿದ್ದರೆ ಕೊಳ್ಳಿ, ಎರಡನೇ ಸೆನ್ಸರ್‌ನ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ. ಹೊಸ ಸೆನ್ಸರ್ ಹಾಕಿದ ದಿನ ಬೆಳಿಗ್ಗೆ 0.80 ಬಂತು. ಅಮ್ಮನಿಗೆ ತೋರಿಸಿದೆ. "ರಾತ್ರಿ ಒಂದೇ ಮುದ್ದೆ ಉಂಡೆ, ಹಂಗೇ ಬರತ್ತೆ" ಅಂದರು.