ಆರು ವರ್ಷ ಸಿಯೆಲೊ ಬಳಸಿದ ಮೇಲೆ: ಸ್ಪ್ಯಾನಿಷ್ ಸಾರಾಂಶ ಬರೆಯುವವರಿಗೆ ಅದು ಎಷ್ಟು ಉಪಯೋಗ?

ಸಿಯೆಲೊ ನಿಘಂಟಲ್ಲ, ಅನುವಾದದ ತಂತ್ರಾಂಶವೂ ಅಲ್ಲ. ಅದೊಂದು ಗ್ರಂಥಾಲಯ. 1997ರಲ್ಲಿ ಬ್ರೆಜಿಲ್‌ನಲ್ಲಿ ಯೋಜನೆಯಾಗಿ ಆರಂಭವಾಗಿ, ಈಗ ಮೆಕ್ಸಿಕೊ, ಕೊಲಂಬಿಯ, ಚಿಲಿ, ಅರ್ಜೆಂಟೀನ, ಸ್ಪೇನ್ ಮುಂತಾದ ದೇಶಗಳ ಸಂಶೋಧನಾ ಪತ್ರಿಕೆಗಳನ್ನು ಉಚಿತವಾಗಿ ಓದಲು ಕೊಡುತ್ತದೆ. ಹೆಸರನ್ನು ಉಚ್ಚರಿಸಿದರೆ ಸ್ಪ್ಯಾನಿಷ್ ಕಿವಿಗೆ ‘ಆಕಾಶ’ ಎಂದು ಕೇಳಿಸುತ್ತದೆ. ನಾನು ಅದನ್ನು ಬಳಸುವುದು ಅದನ್ನು ಕಟ್ಟಿದವರು ಬಹುಶಃ ಎಣಿಸಿರದ ಒಂದು ಕೆಲಸಕ್ಕೆ. ನಮ್ಮ ಕಡೆಯ ಕೃಷಿ ವಿಜ್ಞಾನಿಗಳು ಲ್ಯಾಟಿನ್ ಅಮೆರಿಕದ ಪತ್ರಿಕೆಗಳಿಗೆ ಇಂಗ್ಲಿಷ್ ಲೇಖನ ಕಳುಹಿಸುವಾಗ ಜೊತೆಗೆ ‘ರೆಸುಮೆನ್’, ಅಂದರೆ ಸ್ಪ್ಯಾನಿಷ್ ಸಾರಾಂಶವನ್ನೂ ಕೊಡಬೇಕಾಗುತ್ತದೆ. ಅದನ್ನು ಬರೆದುಕೊಡುವವಳು ನಾನು. ಇಂಗ್ಲಿಷ್ ವಾಕ್ಯಕ್ಕೆ ಸ್ಪ್ಯಾನಿಷ್ ವಿಜ್ಞಾನಿಗಳು ನಿಜವಾಗಿ ಏನು ಬರೆಯುತ್ತಾರೆ ಎಂಬುದನ್ನು ಸಿಯೆಲೊದಲ್ಲಿ ನೋಡಿಕೊಂಡು ಬರೆಯುತ್ತೇನೆ.

ಬಳಸುವ ಬಗೆ ಸರಳ. `search.scielo.org` ತೆರೆದು, ನುಡಿಗಟ್ಟನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುತ್ತೇನೆ. ಬಂದ ಫಲಿತಾಂಶವನ್ನು ಎಡಬದಿಯ ಪಟ್ಟಿಯಲ್ಲಿ ದೇಶ ಮತ್ತು ಭಾಷೆಯಂತೆ ಸೋಸುತ್ತೇನೆ. ಈ ಸೋಸುವಿಕೆಯಲ್ಲೇ ಕೆಲಸದ ಅರ್ಧ ಪಾಲಿದೆ ಎಂಬುದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಒಂದು ಸಾರಾಂಶವನ್ನೇ ಹಿಡಿದು ಹೇಳುತ್ತೇನೆ. ಅಂಕಿಗಳನ್ನು ಮಾತ್ರ ಬದಲಿಸಿದ್ದೇನೆ. ವಿಷಯ ಮೆಕ್ಕೆಜೋಳದ ಸೈನಿಕ ಹುಳು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದ ಹೊಲಗಳಲ್ಲಿ. ಹೀಗಾಗಿ ಅದರ ಬಗ್ಗೆ ನಮ್ಮವರಿಗೂ ಮೆಕ್ಸಿಕೊದವರಿಗೂ ಮಾತನಾಡಿಕೊಳ್ಳಲು ಬೇಕಾದಷ್ಟಿದೆ. ಇಂಗ್ಲಿಷ್ ಮೂಲದಲ್ಲಿ ಹುಳುವಿನ ಹೆಸರಿನಲ್ಲೇ ಶರದೃತುವೂ ಇದೆ, ಸೈನ್ಯವೂ ಇದೆ. ಲೇಖನ ಬರೆದ ಯುವ ವಿಜ್ಞಾನಿ ಸಹಾಯವಾಗಲೆಂದು ನಿಘಂಟು ನೋಡಿ ತಾವೇ ಒಂದು ಕರಡು ಮಾಡಿ ಕಳುಹಿಸಿದ್ದರು. ಅದರಲ್ಲಿ ‘ಶರತ್ಕಾಲದ ಸೈನ್ಯದ ಹುಳು’ ಎಂಬರ್ಥದ ನಾಲ್ಕು ಸ್ಪ್ಯಾನಿಷ್ ಪದಗಳಿದ್ದವು. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಮೆಕ್ಸಿಕೊದ ರೈತನಿಗೆ ಅಂತಹ ಹುಳುವಿನ ಪರಿಚಯವೇ ಇಲ್ಲ. ನಾನು ಹುಡುಕಿದ್ದು ಲ್ಯಾಟಿನ್ ಹೆಸರನ್ನು:

```
"Spodoptera frugiperda"
```

ಮೆಕ್ಸಿಕೊದ ಸಂಗ್ರಹಕ್ಕೆ ಸೋಸಿದಾಗ ಸಾರಾಂಶದ ಮೇಲೆ ಸಾರಾಂಶದಲ್ಲಿ ‘ಗುಸಾನೊ ಕೊಗೊಯೆರೊ’ ಎಂದಿತ್ತು. ಕೊಗೊಯೊ ಎಂದರೆ ಗಿಡದ ಸುಳಿ. ಸುಳಿಯನ್ನು ತಿನ್ನುವ ಹುಳು. ಕನ್ನಡದ ರೈತನಿಗೆ ಹೇಳಿದರೂ ತಕ್ಷಣ ಒಪ್ಪಿಕೊಳ್ಳುವ ಹೆಸರು. ಜೀವಿ, ಬೆಳೆ, ರೋಗಗಳ ವಿಷಯದಲ್ಲಿ ಲ್ಯಾಟಿನ್ ಹೆಸರನ್ನು ಸೇತುವೆ ಮಾಡಿಕೊಳ್ಳುವ ಈ ಉಪಾಯ ಆರು ವರ್ಷಗಳಲ್ಲಿ ಒಮ್ಮೆಯೂ ನನಗೆ ಕೈಕೊಟ್ಟಿಲ್ಲ.

ದೇಶ ಆರಿಸುವುದು ಏಕೆ ಮುಖ್ಯ ಎಂಬುದಕ್ಕೆ ಅದೇ ಸಾರಾಂಶದಲ್ಲಿ ಇನ್ನೊಂದು ಪದವಿತ್ತು: ಮಳೆಯಾಶ್ರಿತ ಹೊಲ. ಮೆಕ್ಸಿಕೊದಲ್ಲಿ ಇದು ‘ತೆಂಪೊರಾಲ್’, ಸ್ಪೇನ್‌ನಲ್ಲಿ ‘ಸೆಕಾನೊ’. ಸ್ಪೇನ್‌ನ ಓದುಗನಿಗೆ ತೆಂಪೊರಾಲ್ ಎಂದರೆ ಮೊದಲು ನೆನಪಾಗುವುದು ಬಿರುಗಾಳಿ ಮಳೆ. ನಿಘಂಟಿನಲ್ಲಿ ಎರಡೂ ಪದಗಳಿವೆ, ಯಾವುದನ್ನು ಯಾರಿಗೆ ಬರೆಯಬೇಕೆಂಬುದನ್ನು ಸಿಯೆಲೊದ ದೇಶವಾರು ಪಟ್ಟಿ ತೋರಿಸುತ್ತದೆ.

ಇನ್ನು ಸಾರಾಂಶದ ಚೌಕಟ್ಟು. ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ಕ್ರಮ ಎರಡು ಭಾಷೆಗಳಲ್ಲೂ ಒಂದೇ, ಅದರಲ್ಲಿ ಕಲಿಯುವುದು ಹೆಚ್ಚೇನಿಲ್ಲ. ‘ಈ ಅಧ್ಯಯನದ ಉದ್ದೇಶ ಇಂಥದ್ದನ್ನು ಮೌಲ್ಯಮಾಪನ ಮಾಡುವುದಾಗಿತ್ತು’ ಎಂದು ಆರಂಭಿಸಿ, ‘ಸೆ ಕೊಂಕ್ಲುಯೆ ಕೆ’, ಅಂದರೆ ‘ಎಂದು ತೀರ್ಮಾನಿಸಲಾಗಿದೆ’ ಎಂದು ಮುಗಿಸಿದರೆ ಯಾವ ಸಂಪಾದಕರೂ ತಕರಾರು ಮಾಡುವುದಿಲ್ಲ. ಕಷ್ಟವಿರುವುದು ನಡುವಿನ ಕ್ರಿಯಾಪದಗಳಲ್ಲಿ.

ಮೂಲದ ಎರಡು ವಾಕ್ಯಗಳು ಹೀಗಿದ್ದವು: ನಾವು 80 ರೈತರನ್ನು ಸಂದರ್ಶಿಸಿದೆವು, 240 ಗಿಡಗಳನ್ನು ಪರಿಶೀಲಿಸಿದೆವು. ಇಂಗ್ಲಿಷಿನ ‘ನಾವು’ ಸ್ಪ್ಯಾನಿಷ್ ಸಾರಾಂಶದಲ್ಲಿ ಸಾಮಾನ್ಯವಾಗಿ ಮಾಯವಾಗುತ್ತದೆ, ಅದರ ಜಾಗಕ್ಕೆ ‘ಸೆ’ ಎಂಬ ಪುಟ್ಟ ಪದ ಬರುತ್ತದೆ. ಕನ್ನಡದವರಿಗೆ ಇದು ಹೊಸದಲ್ಲ. ನಮ್ಮ ಸರ್ಕಾರಿ ವರದಿಗಳ ‘ಸಂದರ್ಶಿಸಲಾಯಿತು’, ‘ಪರಿಶೀಲಿಸಲಾಯಿತು’ ಇದೇ ಜಾತಿಯವು. ನಾನು ಎಡವಿದ್ದೂ ಇಲ್ಲೇ. ಕನ್ನಡದಲ್ಲಿ ರೈತರಿರಲಿ ಗಿಡಗಳಿರಲಿ, ಒಬ್ಬರಿರಲಿ ಎಂಬತ್ತು ಜನರಿರಲಿ, ‘ಲಾಯಿತು’ ಅಲುಗಾಡುವುದಿಲ್ಲ. ಸ್ಪ್ಯಾನಿಷ್ ಹಾಗಲ್ಲ. ಸರಿಯಾದ ರೂಪಗಳು ಇವು:

```
Se entrevistó a 80 agricultores.
Se revisaron 240 plantas.
```

ಮೊದಲನೆಯದರಲ್ಲಿ ಕ್ರಿಯಾಪದ ಏಕವಚನ, ಎರಡನೆಯದರಲ್ಲಿ ಬಹುವಚನ. ನಿರ್ದಿಷ್ಟ ವ್ಯಕ್ತಿಗಳು ಕರ್ಮವಾದಾಗ ಅವರ ಮುಂದೆ ‘ಆ’ ಎಂಬ ಪದ ಬರುತ್ತದೆ. ಅದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸ ಮಾಡುತ್ತದೆ, ಕ್ರಿಯಾಪದ ‘ಲಾಯಿತು’ ಇದ್ದಂತೆ ಏಕವಚನದಲ್ಲೇ ನಿಲ್ಲುತ್ತದೆ. ವಸ್ತುಗಳ ಮುಂದೆ ಆ ಪದ ಬರುವುದಿಲ್ಲ. ಗಿಡಗಳೇ ಕರ್ತೃವಿನ ಪೀಠದಲ್ಲಿ ಕೂತು ಕ್ರಿಯಾಪದವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ, ‘ಗಿಡಗಳು ಪರಿಶೀಲಿಸಲ್ಪಟ್ಟವು’ ಎಂಬ ಕೃತಕ ಕನ್ನಡದಲ್ಲಿ ಆಗುವಂತೆ. ಮನುಷ್ಯರಿಗೆ ‘ಲಾಯಿತು’, ವಸ್ತುಗಳಿಗೆ ‘ಲ್ಪಟ್ಟವು’ ಎಂದು ನೆನಪಿಟ್ಟುಕೊಂಡ ಮೇಲೆ ನಾನು ಇದರಲ್ಲಿ ತಪ್ಪಿಲ್ಲ.

ಅದಕ್ಕೂ ಮೊದಲು ತಪ್ಪಿದ್ದೆ, ಅದೂ ಸಿಯೆಲೊವನ್ನು ನಂಬಿಕೊಂಡೇ. ಮೊದಲ ವರ್ಷ ಒಂದು ಸಮೀಕ್ಷೆಯ ಸಾರಾಂಶಕ್ಕಾಗಿ ಈ ಎರಡನ್ನೂ ಹುಡುಕಿ ಹೋಲಿಸಿದ್ದೆ:

```
"se entrevistó a"
"se entrevistaron a"
```

ಎರಡಕ್ಕೂ ಫಲಿತಾಂಶಗಳು ಬಂದವು. ಎರಡನೆಯದು ಕಿವಿಗೆ ಸರಿ ಎನಿಸಿ ಅದನ್ನೇ ಬರೆದೆ. ವಿಮರ್ಶಕರು ಆ ಸಾಲಿಗೆ ಗುರುತು ಹಾಕಿ ಹಿಂದಕ್ಕೆ ಕಳುಹಿಸಿದರು. ಬಹುವಚನವನ್ನೂ ‘ಆ’ ಪದವನ್ನೂ ಒಟ್ಟಿಗೆ ಬೆರೆಸುವ ಆ ರೂಪ ತಪ್ಪು, ಆದರೆ ಸ್ಪ್ಯಾನಿಷ್ ಮಾತೃಭಾಷೆಯವರೂ ಅದನ್ನು ಬರೆಯುತ್ತಾರೆ, ಅದು ಅಚ್ಚೂ ಆಗುತ್ತದೆ. ಗ್ರಂಥಾಲಯ ತನ್ನಲ್ಲಿರುವುದನ್ನು ತೋರಿಸುತ್ತದೆ, ತಿದ್ದುವುದು ಅದರ ಕೆಲಸವಲ್ಲ. ಅಂದಿನಿಂದ ವ್ಯಾಕರಣದ ಅನುಮಾನ ಬಂದರೆ ಸ್ಪ್ಯಾನಿಷ್ ಅಕಾಡೆಮಿಗಳು 2005ರಲ್ಲಿ ಹೊರತಂದ ‘ಸಂದೇಹಗಳ ನಿಘಂಟ’ನ್ನು ತೆರೆಯುತ್ತೇನೆ. ಅದೂ ಅಂತರ್ಜಾಲದಲ್ಲಿ ಉಚಿತ, `dpd` ಎಂದು ಹುಡುಕಿದರೆ ಸಿಗುತ್ತದೆ. ಅದರಲ್ಲಿ ‘ಸೆ’ ಎಂಬ ನಮೂದನ್ನು ಒಮ್ಮೆ ಓದಿದರೆ ಈ ಗೊಂದಲ ಮುಗಿಯುತ್ತದೆ.

ಇದೇ ಕಾರಣಕ್ಕೆ ಫಲಿತಾಂಶಗಳ ಸಂಖ್ಯೆಯನ್ನು ನೋಡಿ ನಿರ್ಧರಿಸುವುದನ್ನೂ ಬಿಟ್ಟಿದ್ದೇನೆ. ಪೋರ್ಚುಗೀಸ್‌ನಲ್ಲಿ ಬರೆದ ಬ್ರೆಜಿಲ್‌ನ ಲೇಖನಗಳಿಗೂ ಸ್ಪ್ಯಾನಿಷ್ ಸಾರಾಂಶ ಇರುವುದುಂಟು, ಅದು ಅನುವಾದ. ಅನುವಾದವನ್ನು ನೋಡಿ ಅನುವಾದಿಸುವುದೆಂದರೆ ನೆರಳಿನ ನೆರಳನ್ನು ಹಿಡಿದಂತೆ. ಲೇಖನದ ಭಾಷೆಯನ್ನೇ ಸ್ಪ್ಯಾನಿಷ್‌ಗೆ ಸೋಸಿ, ನಾಲ್ಕೈದು ಲೇಖನಗಳ ಒಳಪುಟ ತೆರೆದು, ಆ ನುಡಿಗಟ್ಟು ಸಾರಾಂಶದಲ್ಲಿ ಮಾತ್ರವಲ್ಲದೆ ಲೇಖನದ ಒಡಲಲ್ಲೂ ಇದೆಯೇ ಎಂದು ನೋಡುತ್ತೇನೆ. ಒಡಲಲ್ಲಿದ್ದರೆ ಅದು ಬರೆದವರ ಸ್ವಂತ ಮಾತು.

ಕಾಲಸೂಚಕ ರೂಪಗಳ ವಿಷಯದಲ್ಲಿ ಸಿಯೆಲೊ ಒಳ್ಳೆಯ ಗುರು. ‘ಹೊಲಗಳು ಮಳೆಯಾಶ್ರಿತವಾಗಿದ್ದವು’, ‘ಗಿಡಗಳನ್ನು ಪರಿಶೀಲಿಸಿದೆವು’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಭೂತಕಾಲ ಸಾಕು. ಸ್ಪ್ಯಾನಿಷ್‌ನಲ್ಲಿ ಹಿನ್ನೆಲೆಯಾಗಿ ಮುಂದುವರಿದಿದ್ದ ಸ್ಥಿತಿಗೆ ಒಂದು ರೂಪ, ಮಾಡಿ ಮುಗಿಸಿದ ಕೆಲಸಕ್ಕೆ ಇನ್ನೊಂದು. ಹತ್ತು ಸಾರಾಂಶಗಳ ವಿಧಾನದ ಭಾಗವನ್ನು ಸಾಲಾಗಿ ಓದಿದರೆ ಯಾವುದು ಎಲ್ಲಿಗೆ ಎಂಬುದು ತಾನಾಗಿ ಕಾಣುತ್ತದೆ.

ಫಲಿತಾಂಶದ ಸಾಲಿಗೆ ಬಂದಾಗ ಮೂಲದಲ್ಲಿ ಇಂಗ್ಲಿಷ್ ವಿಜ್ಞಾನಿಗಳ ಅಚ್ಚುಮೆಚ್ಚಿನ ಬಾಲವಿತ್ತು: ಬೇವಿನ ಬೀಜದ ಕಷಾಯ ಹಾನಿಯನ್ನು ಕಡಿಮೆ ಮಾಡಿತು, ಅಲ್ಪವಿರಾಮ, ಹೀಗೆಂದು ಸೂಚಿಸುತ್ತಾ. ಕರಡಿನಲ್ಲಿ ಅದು ನೇರವಾಗಿ ‘ಸುಹಿರಿಯೆಂದೊ’ ಆಗಿತ್ತು. ಮುಖ್ಯ ಕ್ರಿಯೆಯ ನಂತರ ಬರುವ ಪರಿಣಾಮವನ್ನು ಈ ರೂಪದಲ್ಲಿ ಹೇಳುವುದನ್ನು ಸ್ಪ್ಯಾನಿಷ್ ಶೈಲಿಕಾರರು ಒಪ್ಪುವುದಿಲ್ಲ. ನಾನು ಹೀಗೆ ತಿದ್ದಿದೆ:

```
redujo el daño, lo que sugiere que...
```

‘ಹಾನಿಯನ್ನು ಕಡಿಮೆ ಮಾಡಿತು, ಇದು ಹೀಗೆಂದು ಸೂಚಿಸುತ್ತದೆ.’ ಸಿಯೆಲೊದಲ್ಲಿ ತಿದ್ದದ ರೂಪವೂ ಬೇಕಾದಷ್ಟು ಸಿಗುತ್ತದೆ, ಹಾಗಾಗಿ ಇಲ್ಲಿಯೂ ಅದರ ಮಾತು ಅಂತಿಮವಲ್ಲ. ಅದೇ ಕರಡಿನಲ್ಲಿ ಇನ್ನೊಂದು ಅಪಾಯವಿತ್ತು. ‘ತೋರಿಸುತ್ತದೆ’ ಎಂಬಲ್ಲಿ ‘ದೆಮೊಸ್ತ್ರಾರ್’ ಎಂದು ಬರೆದಿದ್ದರು. ಆ ಪದದಲ್ಲಿ ‘ಸಾಧಿಸಿ ತೋರಿಸು’ ಎಂಬ ಭಾರವಿದೆ. ಒಂದೇ ಹಂಗಾಮಿನ ಪ್ರಯೋಗಕ್ಕೆ ಅಷ್ಟು ಭಾರ ಹೊರಿಸಬಾರದು, ‘ಮೊಸ್ತ್ರಾರ್’ ಸಾಕು. ಒಂದು ಅಕ್ಷರ ಹೆಚ್ಚಾದರೆ ವಿಜ್ಞಾನಿಯ ಹಕ್ಕುಸಾಧನೆಯೇ ಬದಲಾಗುತ್ತದೆ ಎಂದು ವಿವರಿಸಿದಾಗ ಅವರು, “ಮೇಡಂ, ನಾನು ಇಂಗ್ಲಿಷಿನಲ್ಲಿ ಇಷ್ಟು ಯೋಚಿಸಿಯೇ ಇರಲಿಲ್ಲ” ಎಂದರು. ಮೂಲವನ್ನೂ ಸ್ವಲ್ಪ ಮೆದು ಮಾಡಿದರು.

ಉದ್ದದ ತಾಪತ್ರಯಕ್ಕೆ ಸಿಯೆಲೊದಲ್ಲಿ ಮದ್ದಿಲ್ಲ. 240 ಪದಗಳ ಆ ಇಂಗ್ಲಿಷ್ ಸಾರಾಂಶ ಸ್ಪ್ಯಾನಿಷ್‌ನಲ್ಲಿ 280 ದಾಟಿತು, ಪತ್ರಿಕೆಯ ಮಿತಿ 250. ನಾನು ಕತ್ತರಿ ಹಾಕುವುದು ಮೊದಲ ಸಾಲಿಗೆ. ಹುಳು ಜಗತ್ತಿನಾದ್ಯಂತ ಹಾನಿ ಮಾಡುತ್ತದೆ ಎಂದು ಮೆಕ್ಸಿಕೊದವರಿಗೆ ಹೇಳಬೇಕಾಗಿಲ್ಲ. ಆಮೇಲೆ ‘ಒಂದು ಪರಿಶೀಲನೆಯನ್ನು ನಡೆಸಲಾಯಿತು’ ಎಂಬಂಥ ಕಡೆ ‘ಪರಿಶೀಲಿಸಲಾಯಿತು’ ಎಂದು ಒಂದೇ ಕ್ರಿಯಾಪದಕ್ಕೆ ಇಳಿಸುತ್ತೇನೆ. ಇಷ್ಟರಲ್ಲೇ ಸಾಮಾನ್ಯವಾಗಿ ಮಿತಿಯೊಳಗೆ ಬಂದುಬಿಡುತ್ತದೆ. ಅಂಕಿ ಇರುವ ಸಾಲನ್ನು ಮಾತ್ರ ಮುಟ್ಟುವುದಿಲ್ಲ, ಎರಡು ಸಾರಾಂಶಗಳ ಅಂಕಿಗಳು ಹೊಂದದಿದ್ದರೆ ವಿಮರ್ಶಕರು ಮೊದಲು ಹಿಡಿಯುವುದು ಅದನ್ನೇ. ಸಾರಾಂಶದ ಕೆಳಗೆ ಕೊಡುವ ಸೂಚಕ ಪದಗಳಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಹುಭಾಷಾ ಪದಕೋಶ `AGROVOC` ಇದೆ, ವೈದ್ಯಕೀಯದವರಿಗೆ `DeCS`. ಆ ಕೆಲಸಕ್ಕೆ ಸಿಯೆಲೊ ಬೇಡ.

ಮೊದಲ ಎರಡು ವರ್ಷ ಒಂದು ಸಾರಾಂಶಕ್ಕೆ ಮೂವತ್ತು ಸಲ ಹುಡುಕುತ್ತಿದ್ದೆ. ಸಿಕ್ಕಿದ ನುಡಿಗಟ್ಟುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ, ಪಕ್ಕದಲ್ಲಿ ದೇಶದ ಹೆಸರು ಬರೆದು, ಇಟ್ಟುಕೊಂಡಿದ್ದೇನೆ. ಈಗ ಕ್ರಿಯಾಪದಗಳಿಗಾಗಿ ಸಿಯೆಲೊ ತೆರೆಯುವುದು ಅಪರೂಪ. ಬೆಳೆಗಳ ಹೆಸರಿಗೆ ಮಾತ್ರ ಇಂದಿಗೂ ಅದೇ ಬೇಕು. ಕಳೆದ ವಾರ ಕಲಬುರಗಿ ಕಡೆಯ ತೊಗರಿಯ ಬಗ್ಗೆ ಒಂದು ಲೇಖನ ಬಂದಿತ್ತು. ಲ್ಯಾಟಿನ್ ಹೆಸರು ಹಾಕಿ ಹುಡುಕಿದರೆ ವೆನೆಜುವೆಲದಲ್ಲಿ ‘ಕಿಂಚೊಂಚೊ’, ಕೊಲಂಬಿಯದಲ್ಲಿ ‘ಗ್ವಾಂದುಲ್’. ಪತ್ರಿಕೆ ಕೊಲಂಬಿಯದ್ದು. ಗ್ವಾಂದುಲ್ ಎಂದು ಬರೆದು ಕಳುಹಿಸಿದೆ.