ಎಂಸಿ ಕೊಂಡು ಎಂಎಂಗೆ ಮರಳಿದ್ದು, ನಡುವೆ ಒಂದು ಸೊಟ್ಟ ಡಬ್ಬ

ನನ್ನ ಟರ್ನ್‌ಟೇಬಲ್ ಮೇಲೆ ವಾರದ ಆರು ದಿನ ಇರುವುದು ಆಡಿಯೋ-ಟೆಕ್ನಿಕಾದ ಎಟಿ-ವಿಎಂ95ಇ, ಅಂದರೆ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್, ಚಿಕ್ಕದಾಗಿ ಎಂಎಂ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ತುಂಡೇ ಕಾರ್ಟ್ರಿಡ್ಜ್. ನನ್ನ ಓಟು ಅದಕ್ಕೇ. ಅದರ ಜೊತೆ ತೂಗಿ ನೋಡಿದ್ದು ಡೆನಾನ್ ಡಿಎಲ್-103 ಎಂಬ ಮೂವಿಂಗ್ ಕಾಯಿಲ್, ಅಂದರೆ ಎಂಸಿ. 1960ರ ದಶಕದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡ ಇದು ಇವತ್ತಿಗೂ ಹೊಸದಾಗಿ ಸಿಗುತ್ತದೆ. ಅದರ ಹೆಸರು ಕೇಳಿ ಕೇಳಿ ಆಸೆ ತಡೆಯಲಾಗದೆ ಕೊಂಡೆ. ಆಂಪ್ಲಿಫೈಯರ್ ಹಿಂದೆ ‘ಫೋನೋ’ ಅಂತ ಬರೆದಿದೆಯಲ್ಲ, ಸಾಕು ಅಂದುಕೊಂಡಿದ್ದೆ. ತಪ್ಪಾಗಿದ್ದು ಅಲ್ಲೇ.

ಮುಳ್ಳು ಇಳಿಸಿದೆ. ಹಾಡು ಬಂತು, ಆದರೆ ಪಕ್ಕದ ಮನೆಯಿಂದ ಬಂದ ಹಾಗೆ. ವಾಲ್ಯೂಮ್ ನಾಬನ್ನು ಗಡಿಯಾರದ ಒಂಬತ್ತರಿಂದ ಮೂರರವರೆಗೆ ತಿರುಗಿಸಿದ ಮೇಲೆ ಹಾಡೇನೋ ಕೇಳಿಸಿತು, ಅದರ ಜೊತೆಗೆ ಸುಯ್ ಅನ್ನುವ ಸದ್ದೂ ಎದ್ದು ಕೂತಿತು. ಹಾಕಿದ್ದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ. ಶುರುವಿನ ತಂಬೂರಿ ಆ ಸುಯ್‌ಯೊಳಗೇ ಮುಳುಗಿಹೋಯಿತು.

ಲೆಕ್ಕ ಹಾಕಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಎಂಎಂ ಕೊಡುವುದು 4 ಮಿಲಿವೋಲ್ಟ್, ಡಿಎಲ್-103 ಕೊಡುವುದು 0.3. ಹದಿಮೂರು ಪಟ್ಟು ಕಡಿಮೆ. ಸಾಮಾನ್ಯ ಫೋನೋ ಇನ್‌ಪುಟ್ ಬಂದದ್ದನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. 4 ಮಿಲಿವೋಲ್ಟ್ ಹೋದರೆ 400 ಆಗಿ ಹೊರಬರುತ್ತದೆ, ಆಂಪ್ಲಿಫೈಯರ್‌ಗೆ ಅದು ಹೊಟ್ಟೆ ತುಂಬ ಊಟ. 0.3 ಹೋದರೆ ಬರುವುದು 30 ಮಾತ್ರ. ಉಳಿದ ಹದಿಮೂರು ಪಟ್ಟನ್ನು ವಾಲ್ಯೂಮ್‌ನಲ್ಲಿ ತುಂಬಿಸಲು ಹೋದರೆ ಇನ್‌ಪುಟ್‌ನ ಸ್ವಂತ ಸುಯ್ ಕೂಡ ಅಷ್ಟೇ ಪಟ್ಟು ಬೆಳೆಯುತ್ತದೆ.

ಹಾಗಾದರೆ ಎಂಸಿಯವರು ಇನ್ನಷ್ಟು ತಂತಿ ಸುತ್ತಬಾರದೇಕೆ? ನಾನೂ ಇದನ್ನೇ ಕೇಳಿದ್ದೆ. ಎಂಎಂನಲ್ಲಿ ಮುಳ್ಳಿನ ಕಡ್ಡಿಯ ಇನ್ನೊಂದು ತುದಿಯಲ್ಲಿ ಅಲುಗಾಡುವುದು ಪುಟ್ಟ ಅಯಸ್ಕಾಂತ. ಸುರುಳಿ ಕಾರ್ಟ್ರಿಡ್ಜಿನ ಮೈಯಲ್ಲಿ ಅಲ್ಲಾಡದೆ ಕೂತಿರುತ್ತದೆ, ಅದರ ತೂಕ ಮುಳ್ಳಿಗೆ ಹೊರೆಯಲ್ಲ. ಹಾಗಾಗಿ ಸಾವಿರಗಟ್ಟಲೆ ಸುತ್ತು ಸುತ್ತಬಹುದು. ಎಂಸಿಯಲ್ಲಿ ಇದು ತಿರುಗುಮುರುಗು: ಅಯಸ್ಕಾಂತ ನಿಂತಿರುತ್ತದೆ, ಸುರುಳಿಯೇ ಕಡ್ಡಿಯ ಮೇಲೆ ಸವಾರಿ ಮಾಡುತ್ತದೆ. ಒಂದೊಂದು ಸುತ್ತು ಹೆಚ್ಚಿದಂತೆಯೂ ಮುಳ್ಳು ಹೊತ್ತು ಓಡಬೇಕಾದ ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದರೆ ಗೆರೆಯ ಸಣ್ಣ ಕೊಂಕುಗಳನ್ನು ಹಿಂಬಾಲಿಸಲು ಆಗುವುದಿಲ್ಲ. ಅದಕ್ಕೇ ಕೂದಲೆಳೆಯಂಥ ತಂತಿಯನ್ನು ಕೆಲವೇ ಸುತ್ತು ಸುತ್ತಿ ಬಿಟ್ಟಿರುತ್ತಾರೆ. ಹೆಚ್ಚು ಸುತ್ತಿದ ಎಂಸಿಗಳೂ ಉಂಟು. ಅದೇ ಡೆನಾನ್‌ನ ಡಿಎಲ್-110 1.6 ಮಿಲಿವೋಲ್ಟ್ ಕೊಡುತ್ತದೆ, ನೇರವಾಗಿ ಎಂಎಂ ಇನ್‌ಪುಟ್‌ಗೇ ಸಿಕ್ಕಿಸಬಹುದು. ಅದನ್ನು ಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಮ್ಮಿ ಸುತ್ತಿನಿಂದ ಒಂದು ಲಾಭವೂ ಇದೆ: ವೋಲ್ಟೇಜ್ ಸಣ್ಣದಾದರೂ ಸುರುಳಿಯ ಪ್ರತಿರೋಧ ಬರೀ 40 ಓಮ್, ಕರೆಂಟ್ ಕೊಡಲು ಅದು ಹಿಂಜರಿಯುವುದಿಲ್ಲ. ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ನೆಚ್ಚಿಕೊಂಡಿರುವುದು ಇದನ್ನೇ. ನಮ್ಮ ಬೀದಿ ತುದಿಯ ಟಿಸಿ ವೋಲ್ಟೇಜ್ ಇಳಿಸುತ್ತದಲ್ಲ, ಇದು ಅದರ ಉಲ್ಟಾ. ಕರೆಂಟನ್ನು ಬಿಟ್ಟುಕೊಟ್ಟು ವೋಲ್ಟೇಜ್ ಪಡೆಯುತ್ತದೆ, ಅದಕ್ಕೆ ಪ್ಲಗ್ಗೂ ಬೇಡ, ಬ್ಯಾಟರಿಯೂ ಬೇಡ.

ಹಳೆಯದೊಂದು ಪೆಟ್ಟಿಗೆ ಸಿಕ್ಕಿತು, ಹಿಂದೆ ಎರಡು ಆಯ್ಕೆ: 1:10, 1:40. ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ 40ಕ್ಕೆ ಹಾಕಿದೆ. 0.3ನ್ನು 40ರಿಂದ ಗುಣಿಸಿದರೆ 12 ಮಿಲಿವೋಲ್ಟ್ ಬರಬೇಕು, ಆದರೆ ಸದ್ದು ಆ ಲೆಕ್ಕಕ್ಕೆ ತಕ್ಕಷ್ಟು ಏರಲಿಲ್ಲ, ಜೊತೆಗೆ ಮಂಕು ಬೇರೆ. ಆಂಪ್ಲಿಫೈಯರ್‌ನ 47,000 ಓಮ್ ಈ ಟ್ರಾನ್ಸ್‌ಫಾರ್ಮರ್ ಮೂಲಕ ಕಾರ್ಟ್ರಿಡ್ಜ್‌ಗೆ ಕಾಣುವುದು 40ರ ವರ್ಗದಿಂದ, ಅಂದರೆ 1,600ರಿಂದ ಭಾಗಿಸಿದಷ್ಟು, 29 ಓಮ್. ಕಾರ್ಟ್ರಿಡ್ಜಿನದೇ 40 ಓಮ್ ಇರುವಾಗ ಅರ್ಧಕ್ಕಿಂತ ಹೆಚ್ಚು ವೋಲ್ಟೇಜ್ ಒಳಗೇ ಕರಗಿ ಹೊರಗೆ ಸಿಗುವುದು ಬರೀ 5. ಅದೇ 1:10ರಲ್ಲಿ ಕಾಣುವುದು 470 ಓಮ್, ನಷ್ಟ ಅಲ್ಪ, ಸಿಗುವುದು ಸುಮಾರು 2.8 ಮಿಲಿವೋಲ್ಟ್. ಹೆಚ್ಚುಕಡಿಮೆ ಎಂಎಂ ಮಟ್ಟವೇ ಆಯಿತು. ಅಲ್ಲಿಗೇ ಬಿಟ್ಟೆ. ತಂಬೂರಿ ಸುಯ್‌ಯಿಂದ ಮೇಲೆದ್ದು ಬಂತು.

ಈಗ ಕಾಟ ಕೊಟ್ಟ ಸಂಗತಿಗೆ ಬರುತ್ತೇನೆ. ಸುಯ್ ಹೋಗಿ ಗುಂಯ್ ಬಂತು.

ರೆಕಾರ್ಡ್ ಕೊರೆಯುವಾಗ ಮಂದ್ರದ ಸದ್ದನ್ನು ತಗ್ಗಿಸಿರುತ್ತಾರೆ, ಫೋನೋ ಇನ್‌ಪುಟ್ ಅದನ್ನು ಮತ್ತೆ ಎತ್ತಿಕೊಡುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್‌ ಅದರ ಕೈಗೆ ಸಿಕ್ಕರೆ, ನಡುವಿನ 1,000 ಹರ್ಟ್ಸ್‌ಗಿಂತ ಏಳು ಪಟ್ಟು ಹೆಚ್ಚು ಹಿಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಎಂಬುದೋ ಸುತ್ತಲಿನ ಕಾಂತಕ್ಷೇತ್ರ ಹಿಡಿಯಲೆಂದೇ ಹುಟ್ಟಿದ ವಸ್ತು.

ಮೊದಲು ಅರ್ಥಿಂಗ್ ಮೇಲೆ ಅನುಮಾನ. ಟರ್ನ್‌ಟೇಬಲ್‌ನ ಅರ್ಥ್ ತಂತಿ ಬಿಚ್ಚಿದೆ, ಗುಂಯ್ ಜಾಸ್ತಿಯಾಯಿತು. ಹಾಗಾದರೆ ತಂತಿ ತನ್ನ ಕೆಲಸ ಮಾಡುತ್ತಲೇ ಇತ್ತು. ಮತ್ತೆ ಕಟ್ಟಿದೆ. ಆಮೇಲೆ ಟರ್ನ್‌ಟೇಬಲ್ ಕೇಬಲನ್ನೇ ಕಿತ್ತು, ಒಳ ಪಿನ್ನನ್ನೂ ಹೊರ ಬಳೆಯನ್ನೂ ಸೇರಿಸಿ ಬೆಸುಗೆ ಹಾಕಿದ ಎರಡು ಹಳೆ ಪ್ಲಗ್‌ಗಳನ್ನು ಪೆಟ್ಟಿಗೆಯ ಬಾಯಿಗೆ ತುರುಕಿದೆ. ಗುಂಯ್ ಹಾಗೇ ಇತ್ತು. ಅಂದರೆ ಟರ್ನ್‌ಟೇಬಲ್ ನಿರಪರಾಧಿ. ಕೊನೆಗೆ ಪೆಟ್ಟಿಗೆಯನ್ನು ಕೈಯಲ್ಲೆತ್ತಿ ಮೆಲ್ಲಗೆ ತಿರುಗಿಸಿದೆ: ಒಂದು ಕೋನದಲ್ಲಿ ಗುಂಯ್ ಜೋರು, ಇನ್ನೊಂದರಲ್ಲಿ ಮಾಯ. ಅರ್ಥಿಂಗ್ ದೋಷ ಕೋನ ನೋಡುವುದಿಲ್ಲ, ಕಾಂತಕ್ಷೇತ್ರ ನೋಡುತ್ತದೆ. ಜಾಣತನದಿಂದ ನಾನು ಪೆಟ್ಟಿಗೆ ಇಟ್ಟಿದ್ದು ಆಂಪ್ಲಿಫೈಯರ್‌ನ ತಲೆಯ ಮೇಲೆ, ಅದರ ಪವರ್ ಟ್ರಾನ್ಸ್‌ಫಾರ್ಮರ್‌ಗೆ ಗೇಣು ದೂರದಲ್ಲಿ.

ದೂರ ಒಯ್ಯೋಣವೆಂದರೆ ಪೆಟ್ಟಿಗೆಯಿಂದ ಆಂಪ್ಲಿಫೈಯರ್‌ಗೆ ಹೋಗುವ ಕೇಬಲ್ ಉದ್ದವಾದಷ್ಟೂ ಬೇರೆ ಗದ್ದಲ ಹಿಡಿಯುತ್ತದೆ. ಅರ್ಧ ಮೀಟರ್‌ಗೆ ರಾಜಿಯಾಗಿ, ಪಕ್ಕದ ಶೆಲ್ಫಿನ ಮೇಲೆ ಗುಂಯ್ ಸಾಯುವ ಕೋನ ಹುಡುಕಿ ಇಟ್ಟೆ. ಆ ಕೋನ ಗೋಡೆಗೆ ಸೊಟ್ಟ. ಮಾರನೆಯ ಶನಿವಾರ ಮತ್ತೆ ಗುಂಯ್! ಅಮ್ಮ ಧೂಳು ಹೊಡೆಯುತ್ತ, “ಏನೋ ಇದು, ಡಬ್ಬ ಸೊಟ್ಟಗಿಟ್ಟಿದ್ದೀಯ” ಅಂತ ನೆಟ್ಟಗೆ ಮಾಡಿದ್ದರು. ಸೀಮೆಸುಣ್ಣದ ಗುರುತು ಹಾಕಿದೆ, ಅದನ್ನೂ ಒರೆಸಿದರು. ಅವರದೇನು ತಪ್ಪು, ಹೇಳಿ.

ಎಂಸಿಯ ಪರವಾಗಿ ಒಂದು ಮಾತು: ಕಂಠದ ಸುತ್ತ ಅದು ಬಿಟ್ಟುಕೊಡುವ ಗಾಳಿ ನನ್ನ ಎಂಎಂಗೆ ಬರುವುದಿಲ್ಲ. ಎಂಎಂ ಸುರುಳಿಯಲ್ಲಿ ಸುತ್ತು ಹೆಚ್ಚು, ಅದು ಕೇಬಲ್‌ನ ಧಾರಣಶಕ್ತಿಯ ಜೊತೆ ಸೇರಿ ತಾರದ ಸದ್ದನ್ನು ಬದಲಿಸುತ್ತದೆ. ಎಂಸಿಗೆ ಆ ಚಿಂತೆ ಇಲ್ಲವೆಂದರೂ ಆದೀತು.

ಆದರೂ ಎಂಎಂ ಮುಳ್ಳು ಸವೆದರೆ ಅದನ್ನಷ್ಟೇ ಎಳೆದು ಹೊಸದು ಸಿಕ್ಕಿಸುತ್ತೇನೆ. ಎಂಸಿಯಲ್ಲಿ ಮುಳ್ಳೂ ಸುರುಳಿಯೂ ಒಂದೇ ಕಡ್ಡಿಗೆ ಅಂಟಿರುವುದರಿಂದ ಹಾಗೆ ಎಳೆಯಲಾಗದು. ಮುಳ್ಳು ಮರುಜೋಡಣೆಗೆ ಕಳಿಸಬೇಕು, ಇಲ್ಲ ಇಡೀ ಕಾರ್ಟ್ರಿಡ್ಜ್ ಹೊಸದು ತರಬೇಕು. ಬೆಳಿಗ್ಗೆ ಕಾಫಿ ಕುಡಿಯುತ್ತ ಒಂದು ಮಗ್ಗುಲು, ರಾತ್ರಿ ಒಂದು ಮಗ್ಗುಲು ಕೇಳುವವನು ನಾನು, ಆ ಖರ್ಚು ನನ್ನದಲ್ಲ. ಎಂಸಿ ಮತ್ತು ಟ್ರಾನ್ಸ್‌ಫಾರ್ಮರ್ ಎರಡಕ್ಕೂ ಕೊಟ್ಟ ದುಡ್ಡಿನಲ್ಲಿ ಒಂದು ಕಪಾಟು ರೆಕಾರ್ಡ್ ಬರುತ್ತಿತ್ತು.

ಡಿಎಲ್-103 ಬೇರೆ ಹೆಡ್‌ಶೆಲ್‌ನಲ್ಲಿ ಡಬ್ಬಿಯೊಳಗಿದೆ. ಅಮ್ಮ ಮಲಗಿದ ಮೇಲೆ, ಭಾನುವಾರ ರಾತ್ರಿ ಹೊರಬರುತ್ತದೆ. ಆಗ ಪೆಟ್ಟಿಗೆಯನ್ನು ಸೊಟ್ಟಗಿಟ್ಟುಕೊಳ್ಳುತ್ತೇನೆ.