ಒಡೆದ ಧ್ವನಿಯ ದುರಸ್ತಿ: Clip Fix ಮತ್ತು adeclip

ಮಾತನಾಡುವವರ ಬಾಯಿಗೆ ತೀರ ಹತ್ತಿರದಲ್ಲಿ ಫೋನ್ ಇಟ್ಟು 50 ನಿಮಿಷಗಳ ಸಂದರ್ಶನವೊಂದನ್ನು ಧ್ವನಿಮುದ್ರಿಸಿ ಕೆಡಿಸಿಕೊಂಡ ಮೇಲೆ, ಉಚಿತವಾಗಿ ದೊರೆಯುವ ಎರಡು ಸಾಧನಗಳನ್ನು ಅದೇ ಫೈಲಿನ ಮೇಲೆ ಪ್ರಯೋಗಿಸಿದೆ: ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯ Clip Fix ಮತ್ತು ಆದೇಶ ಬರೆದು ನಡೆಸುವ ಎಫ್‌ಎಫ್‌ಎಂಪೆಗ್‌ನ adeclip. ನಾನು ಉಳಿಸಿಕೊಂಡದ್ದು ಎರಡನೆಯದನ್ನು. ಧ್ವನಿ ಮಿತಿ ಮೀರಿ ಜೋರಾದಾಗ ಅಲೆಯ ತುದಿಗಳು ಕತ್ತರಿಸಿ ಚಪ್ಪಟೆಯಾಗುತ್ತವೆ; ಧ್ವನಿ ಒಡೆಯುವುದೆಂದರೆ ಇದೇ. ಕೇವಲ ವಾಲ್ಯೂಮ್ ತಗ್ಗಿಸುವುದರಿಂದ ಏನೂ ಆಗದು. ಚಪ್ಪಟೆಯಾದ ಅಲೆ ಚಿಕ್ಕದಾಗುತ್ತದೆಯೇ ಹೊರತು ದುಂಡಗಾಗುವುದಿಲ್ಲ.

Clip Fix ನನ್ನನ್ನು ಸತಾಯಿಸಿದ್ದು ಒಂದೇ ವಿಷಯದಲ್ಲಿ. ಮಿತಿಯನ್ನು ಬದಲಿಸದಿದ್ದರೆ, ಆಯ್ದ ಭಾಗದ ಅತಿ ಎತ್ತರದ ಸ್ಯಾಂಪಲ್ಲಿನ, ಅಂದರೆ ಅಲೆಯ ಅಳತೆ ಬಿಂದುವಿನ, ಶೇ. 95ರಷ್ಟನ್ನು ಮುಟ್ಟಿದ್ದನ್ನು ಮಾತ್ರ ಅದು ಒಡೆದ ಧ್ವನಿ ಎಂದು ಎಣಿಸುತ್ತದೆ. ಫೋನ್ ಫೈಲನ್ನು ಎಎಸಿಯಲ್ಲಿ ಕುಗ್ಗಿಸಿ ಉಳಿಸಿದ್ದರಿಂದ, ಚಪ್ಪಟೆ ತುದಿಗಳು ನೇರ ಗೆರೆಯಾಗಿ ಉಳಿಯದೆ, ಪೂರ್ಣ ಮಟ್ಟ 1 ಎಂದು ಹಿಡಿದರೆ, 0.99ರಿಂದ 1.03ರ ನಡುವೆ ಅಲುಗಾಡುತ್ತಿದ್ದವು. ಯಾರೋ ಮೇಜಿಗೆ ಕೈ ತಾಗಿಸಿದ ಒಂದು ಸದ್ದು ಮಾತ್ರ 1.12ಕ್ಕೆ ಏರಿತ್ತು. 1.12ರ ಶೇ. 95 ಎಂದರೆ 1.06. ಹೀಗಾಗಿ ಇಡೀ ಫೈಲನ್ನು ಆಯ್ದು ಚಲಾಯಿಸಿದಾಗ ಮಾತಿನ ಒಂದು ತುದಿಯೂ ಸರಿಯಾಗಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಅಲೆಯನ್ನು ಸ್ಯಾಂಪಲ್ ಮಟ್ಟಕ್ಕೆ ಹಿಗ್ಗಿಸಿ ನೋಡಿದಾಗಲೇ ಇದು ತಿಳಿದದ್ದು. ಮಿತಿಯನ್ನು ಶೇ. 85ಕ್ಕೆ, ಅಂದರೆ 0.95ಕ್ಕೆ ಇಳಿಸಿದ ಮೇಲೆ ಚಿಕ್ಕ ಚಪ್ಪಟೆಗಳು ಚೆನ್ನಾಗಿಯೇ ದುಂಡಗಾದವು. ಆದರೆ 40 ಸ್ಯಾಂಪಲ್‌ಗಳಷ್ಟು, ಎಂದರೆ ಸುಮಾರು 0.9 ಮಿಲಿಸೆಕೆಂಡಿನಷ್ಟು ಉದ್ದದ ಚಪ್ಪಟೆಗಳ ಮೇಲೆ ಅದು ಅಕ್ಕಪಕ್ಕದ ಕೆಲವೇ ಬಿಂದುಗಳನ್ನು ನಂಬಿ ಗುಡ್ಡೆ ಎಬ್ಬಿಸಿತು. ಕಿವಿಗೆ ಅದು ‘ಟಪ್’ ಎಂದು ಬಡಿಯಿತು.

adeclip ಧ್ವನಿಯನ್ನು 55 ಮಿಲಿಸೆಕೆಂಡುಗಳ ತುಣುಕುಗಳಲ್ಲಿ ನೋಡುತ್ತದೆ. ಆದ್ದರಿಂದ ಮೇಜಿನ ಸದ್ದು ಬೇರೆಡೆಯ ಮಾತನ್ನು ಕೆಡಿಸಲಿಲ್ಲ. ಸ್ವರಗಳ ಅಲೆ ಒಂದೇ ಬಗೆಯಲ್ಲಿ ಮರುಕಳಿಸುವುದರಿಂದ, ಸುತ್ತಲಿನ ಅಲೆಯಿಂದ ಅದು ಕಟ್ಟುವ ಊಹೆ ಉದ್ದದ ಚಪ್ಪಟೆಗೂ ಹೊಂದುತ್ತದೆ. ಅಲುಗಾಡುವ ತುದಿಗಳು ಇದನ್ನೂ ಮೊದಲು ವಂಚಿಸಿದವು. ಎತ್ತರವನ್ನು 1000ದ ಬದಲು 100 ಭಾಗಗಳಾಗಿ ಎಣಿಸಲು ಹೇಳಿದ ಮೇಲೆ ಹಿಡಿತಕ್ಕೆ ಸಿಕ್ಕವು.

```
ffmpeg -i matu.m4a -af "volume=-9dB,adeclip=threshold=2:hsize=100" -c:a pcm_s24le matu.wav
```

ಮೊದಲೇ 9 ಡೆಸಿಬೆಲ್ ಇಳಿಸಿರುವುದು ಹೊಸ ತುದಿಗಳು ಏಳಲು ಜಾಗ ಬೇಕೆಂದು. ಇಲ್ಲವಾದರೆ ಫೈಲ್ ಬರೆಯುವಾಗ ಅವು ಮತ್ತೆ ಕತ್ತರಿಸಿಹೋಗುತ್ತವೆ. ಕೊನೆಯಲ್ಲಿ ಎಷ್ಟು ಸ್ಯಾಂಪಲ್‌ಗಳು ಒಡೆದಿದ್ದವೆಂದು ಪರದೆಯ ಮೇಲೆ ಬರುತ್ತದೆ. ಅಲ್ಲಿ ಸೊನ್ನೆ ಕಂಡರೆ ದುರಸ್ತಿ ನಡೆದೇ ಇಲ್ಲ. ಈ ಒಂದು ಸಾಲಿಗಾಗಿಯೇ ನಾನು ಇದನ್ನು ಮೆಚ್ಚಿದೆ.

ಆದರೂ ಜೋರಾಗಿ ನಕ್ಕ ಎರಡು ಕಡೆ ಸೀಳು ಹಾಗೆಯೇ ಉಳಿಯಿತು. ಅಲ್ಲಿ ಅಲೆಯ ಬಹುಪಾಲು ಚಪ್ಪಟೆಯಾಗಿದ್ದು, ಊಹೆಗೆ ಆಧಾರವಾಗಬಲ್ಲ ಸರಿಯಾದ ಸ್ಯಾಂಪಲ್‌ಗಳೇ ಸಾಲದಾಗಿದ್ದವು. ವೇಗದಲ್ಲಿ ಎರಡೂ ಸಾಧನಗಳು ನಿಧಾನ. ಕೆಟ್ಟಿರುವುದು ಎರಡು ಮೂರು ಪದಗಳಷ್ಟೇ ಆಗಿದ್ದರೆ, ಅವನ್ನಷ್ಟೇ ಆಯ್ದು Clip Fix ಬಳಸುತ್ತೇನೆ. ನನ್ನ ಕೈಗೆ ಬರುವುದು ಹೆಚ್ಚಾಗಿ ಗಂಟೆಗಟ್ಟಲೆಯ ಫೈಲುಗಳಾದ್ದರಿಂದ ಆ ಸಂದರ್ಭ ಅಪರೂಪ.